ಶೂ ಟ್ರೀ ಹಾಕಿಯೇ ನನ್ನ ಶೂ ಹಾಳಾಯಿತು

ಎರಡು ವರ್ಷದಲ್ಲಿ ಎರಡು ಜೊತೆ ಚರ್ಮದ ಫಾರ್ಮಲ್ ಶೂ ಕಳೆದುಕೊಂಡೆ. ಮೊದಲನೆಯದು ಏನೂ ಮಾಡದೆ ಹಾಳಾಯಿತು. ಎರಡನೆಯದು ಜಾಸ್ತಿ ಮಾಡಲು ಹೋಗಿ ಹಾಳಾಯಿತು. ಶೂ ಮೇಲೆ ಸ್ವಲ್ಪ ಕಾಳಜಿ ಇರುವವರೇ ಈ ಎರಡನೇ ತಪ್ಪು ಮಾಡುವುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಜೊತೆಯದು ಚಿಕ್ಕ ಕಥೆ. ವಾರಕ್ಕೆ ಆರು ದಿನ ಅದೇ ಕಪ್ಪು ಶೂ. ಸಂಜೆ ಬಿಚ್ಚಿದ ಕೂಡಲೇ ಬಾಗಿಲು ಮುಚ್ಚುವ ಕಪಾಟಿಗೆ. ಪಾಲಿಶ್ ಮಾತ್ರ ತಪ್ಪಿಸಲಿಲ್ಲ. ಒಂಬತ್ತನೇ ತಿಂಗಳಿಗೆ ಬೆರಳುಗಳು ಮಡಚುವ ಜಾಗದಲ್ಲಿ ಚರ್ಮ ಬಿರುಕು ಬಿಟ್ಟಿತು. ರಿಪೇರಿಯವರು ಒಳಗೆ ಕೈ ಹಾಕಿ ನೋಡಿದರು. ಒಳಗಿನ ಅಟ್ಟೆ ರಟ್ಟಿನ ಹಾಗೆ ಗಟ್ಟಿಯಾಗಿತ್ತು. "ಕೆಳಗಿನ ಸೋಲ್ ಆದ್ರೆ ಬದಲಿಸಬಹುದು ಸರ್, ಮೇಲಿನ ಚರ್ಮ ಒಡೆದ್ಮೇಲೆ ಏನೂ ಮಾಡೋಕಾಗಲ್ಲ" ಅಂದರು.

ದಿನವಿಡೀ ಕಾಲಿನ ಬೆವರನ್ನು ಚರ್ಮ ಒಳಗಿನಿಂದ ಹೀರಿಕೊಳ್ಳುತ್ತದೆ. ಒಂದು ರಾತ್ರಿಯಲ್ಲಿ ಅದು ಪೂರ್ತಿ ಒಣಗುವುದಿಲ್ಲ, ಮುಚ್ಚಿದ ಕಪಾಟಿನಲ್ಲಂತೂ ಇಲ್ಲವೇ ಇಲ್ಲ. ಮರುದಿನ ಅದೇ ಒದ್ದೆ ಚರ್ಮ ಅದೇ ಗೆರೆಯಲ್ಲಿ ಸಾವಿರಾರು ಸಲ ಮಡಚುತ್ತದೆ. ಬೆವರಿನ ಉಪ್ಪು ಬೇರೆ ಒಳಗೆ ಉಳಿದು ಚರ್ಮವನ್ನು ಗಡುಸು ಮಾಡುತ್ತದೆ. ನಾನು ಹೊರಗಡೆ ಹಚ್ಚಿದ ಪಾಲಿಶ್ ಇದಕ್ಕೇನು ಮಾಡೀತು?

ಎರಡನೇ ಜೊತೆಗೆ ಮೊದಲ ದಿನವೇ ಶೂ ಟ್ರೀ ತಂದೆ, ಅಂದರೆ ಬಿಚ್ಚಿಟ್ಟ ಶೂ ಆಕಾರ ಕೆಡದಂತೆ ಒಳಗೆ ಹಾಕಿಡುವ ಪಾದದಂಥ ಅಚ್ಚು. ಮುಂದೆ ಪ್ಲಾಸ್ಟಿಕ್ಕಿನ ತುದಿ, ಹಿಂದೆ ಗೋಲಿಯಂಥ ಗುಂಡು, ನಡುವೆ ಬಗ್ಗಿಸಿ ಸಿಕ್ಕಿಸುವ ಉಕ್ಕಿನ ಪಟ್ಟಿ. ಬಿಗಿಯಾಗಿದ್ದಷ್ಟೂ ಒಳ್ಳೆಯದು ಅಂತ ಒಂದು ಸೈಜ್ ದೊಡ್ಡದನ್ನೇ ತೆಗೆದುಕೊಂಡಿದ್ದೆ. ಒಮ್ಮೆ ಮಳೆಯಲ್ಲಿ ಪೂರ್ತಿ ನೆನೆದು ಬಂದಾಗಲೂ, ಆಕಾರ ಕೆಡಬಾರದು ಅಂತ ತಕ್ಷಣ ಅದನ್ನೇ ತುರುಕಿದೆ. ಅಲ್ಲಿಗೆ ಮುಗಿಯಿತು ಅನ್ನಿ.

ಆ ಪಟ್ಟಿಯ ಒತ್ತಡವೆಲ್ಲ ಹಿಮ್ಮಡಿಯ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಹಿಮ್ಮಡಿಯ ಚರ್ಮದ ಒಳಪದರಗಳ ನಡುವೆ ಒಂದು ಗಟ್ಟಿ ತುಂಡು ಇರುತ್ತದೆ. ಶೂ ಹಿಂಭಾಗ ನೆಟ್ಟಗೆ ನಿಲ್ಲುವುದು ಅದರಿಂದಲೇ. ನೆನೆದಾಗ ಅದೂ ಮೆತ್ತಗಾಗುತ್ತದೆ, ಆಗ ಗುಂಡು ಒತ್ತಿದ ಆಕಾರದಲ್ಲೇ ಒಣಗುತ್ತದೆ. ಮೂರು ತಿಂಗಳಿಗೆ ಹಿಂದೆ ಸಣ್ಣ ಉಬ್ಬು ಕಾಣಿಸಿತು, ಕಾಲು ತೂರಿಸುವ ಬಾಯಿ ಅಗಲವಾಯಿತು, ನಡೆಯುವಾಗ ಹಿಮ್ಮಡಿ ಜಾರತೊಡಗಿತು. ಬಿಗಿಯಾಗಿ ಲೇಸ್ ಕಟ್ಟಿದರೂ ಅಷ್ಟೇ.

ನೀವು ಟ್ರೀ ಕೊಳ್ಳುವುದಾದರೆ ಅದರ ಹಿಂಭಾಗ ನೋಡಿ. ಅದು ನಿಜವಾದ ಹಿಮ್ಮಡಿಯಷ್ಟೇ ಅಗಲವಾಗಿ, ದುಂಡಗೆ ಇರಬೇಕು. ಮುಂಭಾಗ ಎರಡು ಹೋಳಾಗಿ ಪಕ್ಕಕ್ಕೆ ಅಗಲುವಂತಿದ್ದರೆ ಇನ್ನೂ ಒಳ್ಳೆಯದು. ಸೀಡರ್ ಮರದ್ದು, ಅದೂ ವಾರ್ನಿಶ್ ಹಚ್ಚದ್ದು ಬೇಕು. ವಾರ್ನಿಶ್ ಇದ್ದರೆ ಮರ ತೇವ ಹೀರುವುದಿಲ್ಲ, ಆಕಾರ ಹಿಡಿಯುವ ಕೆಲಸವಷ್ಟೇ ಆಗುತ್ತದೆ. ಹಾಕಿದ ಮೇಲೆ ಮಡಿಕೆಯ ಸುಕ್ಕು ಸಡಿಲವಾಗಬೇಕು, ಆದರೆ ಪಕ್ಕದ ಚರ್ಮ ಉಬ್ಬಬಾರದು. ಒಳಗೆ ಹೋಗಲು ಕುಸ್ತಿ ಆಡಬೇಕಾಗಿದ್ದರೆ ಸೈಜ್ ದೊಡ್ಡದಾಯಿತು ಅಂತ ಅರ್ಥ.

ಸಾಮಾನ್ಯ ದಿನ ನಾನು ಈಗ ಲೇಸ್ ಸಡಿಲಿಸಿ, ಶೂ ಬೆಚ್ಚಗಿರುವಾಗಲೇ ಟ್ರೀ ಹಾಕಿ, ಗಾಳಿಯಾಡುವ ಕಡೆ ಇಡುತ್ತೇನೆ. ಒಂದು ದಿನ ಕಳೆದ ಮೇಲೆ ಅದನ್ನು ತೆಗೆದು ಇನ್ನೊಂದು ಜೊತೆಗೆ ಹಾಕಬಹುದು. ಪ್ರತಿ ಜೊತೆಗೂ ಬೇರೆ ಟ್ರೀ ಬೇಕೇಬೇಕು ಅಂತೇನಿಲ್ಲ.

ನೆನೆದ ದಿನದ ಲೆಕ್ಕ ಬೇರೆ. ಮೊದಲು ಹಳೇ ಪೇಪರ್ ಸಡಿಲವಾಗಿ ತುಂಬಬೇಕು. ಒದ್ದೆಯಾದ ಹಾಗೆಲ್ಲ ಬದಲಿಸುತ್ತಿರಬೇಕು. ಸೋಲ್‌ಗೂ ಗಾಳಿ ತಾಗುವಂತೆ ಶೂವನ್ನು ಪಕ್ಕಕ್ಕೆ ಮಲಗಿಸಿ. ಬಿಸಿಲು, ಹೀಟರ್, ಹೇರ್ ಡ್ರೈಯರ್ ಯಾವುದೂ ಬೇಡ, ಬೇಗ ಒಣಗಿದ ಚರ್ಮ ಕುಗ್ಗಿ ಒಡೆಯುತ್ತದೆ. ಮುಟ್ಟಿದರೆ ಸ್ವಲ್ಪವೇ ತಂಪು ಅನ್ನಿಸುವಷ್ಟು ಒಣಗಿದಾಗ ಟ್ರೀ ಹಾಕಿ. ಎರಡು ಮೂರು ದಿನ ಹಿಡಿದರೆ ಹಿಡಿಯಲಿ.

ಹಾಗೆ ಕಾಯಬೇಕಾದರೆ ಇನ್ನೊಂದು ಜೊತೆ ಬೇಕೇ ಬೇಕು ಅಲ್ವಾ? ನಾನು ಎರಡನ್ನು ದಿನ ಬಿಟ್ಟು ದಿನ ಹಾಕುತ್ತೇನೆ. ಟ್ರೀ ಇದೆಯಲ್ಲ ಅಂತ ಒಂದೇ ಜೊತೆಯನ್ನು ದಿನಾ ಹಾಕಿದರೆ ನನ್ನ ಮೊದಲ ಶೂವಿನ ಗತಿಯೇ. ಟ್ರೀ ಸುಕ್ಕು ಬಿಡಿಸುತ್ತದೆ, ಒಣಗಲು ಬೇಕಾದ ಸಮಯವನ್ನು ಅದು ಕೊಡಲಾರದು. ಇದೆಲ್ಲ ನಿಜವಾದ ಚರ್ಮಕ್ಕೆ ಮಾತ್ರ. ರೆಕ್ಸಿನ್ ಶೂಗೆ ಸೀಡರ್ ಟ್ರೀ ಕೊಳ್ಳುವುದು ಸುಮ್ನೆ ದಂಡ.

ಉಬ್ಬಿದ ಆ ಎರಡನೇ ಜೊತೆ ಇನ್ನೂ ಇದೆ. ಹಿಮ್ಮಡಿಗೆ ಒಳಗಿನಿಂದ ಪ್ಯಾಡ್ ಅಂಟಿಸಿದ್ದೇನೆ. ಜಾಸ್ತಿ ನಡೆಯಬೇಕಿಲ್ಲದ ದಿನ ಹಾಕುತ್ತೇನೆ.