ಒಂಬತ್ತು ಮಳೆಗಾಲ ಕಂಡ ಕಾರು, ಸುಳ್ಳು ಹೇಳುವ ಪೆಟ್ರೋಲ್ ಮುಳ್ಳು

ಸಾಗರದ ಮಳೆಯಲ್ಲಿ ಒಂಬತ್ತು ವರ್ಷ, 92,000 ಕಿ.ಮೀ. ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನನ್ನದು. ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ತಕರಾರಿಲ್ಲ. ತಲೆ ತಿಂದದ್ದು ಪೆಟ್ರೋಲ್ ಮುಳ್ಳು, ಅದೂ ಎರಡು ಸಲ.

ಮೊದಲ ಸಲ ಆರನೇ ವರ್ಷದಲ್ಲಿ. ಹಗಲು ಅರ್ಧ ತೋರಿಸುವ ಮುಳ್ಳು ರಾತ್ರಿ ಲೈಟ್ ಹಾಕಿದರೆ ಕಾಲಿಗೆ ಇಳಿಯುತ್ತಿತ್ತು. ಸರ್ವಿಸ್‌ನವರು ನೋಡಿದವರೇ ಮೀಟರ್ ಬೋರ್ಡ್ ಪೂರ್ತಿ ಬದಲಿಸಬೇಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಬೋರ್ಡ್ ಕೆಟ್ಟಿದ್ದರೆ ಲೈಟಿಗೂ ಮುಳ್ಳಿಗೂ ಏನು ನಂಟು? ನಿಂತ ಕಾರಿನಲ್ಲಿ ಬ್ರೇಕ್ ಒತ್ತಿ ಹಿಡಿದು ನೋಡಿದೆ. ಮುಳ್ಳು ಮೆಲ್ಲಗೆ ಇನ್ನಷ್ಟು ಕೆಳಗೆ ಜಾರಿತು.

ನನ್ನ ಕಾರಿನಲ್ಲಿ ಟ್ಯಾಂಕ್ ಖಾಲಿಯಾದಂತೆ, ಅದರೊಳಗೆ ಪೆಟ್ರೋಲ್ ಮಟ್ಟ ಅಳೆದು ಮುಳ್ಳಿಗೆ ತಿಳಿಸುವ ಸೆಂಡರ್‌ನ ರೆಸಿಸ್ಟೆನ್ಸ್ ಏರುತ್ತದೆ. ಅದರ ಅರ್ತ್ ವೈರೂ ಹಿಂದಿನ ಲೈಟುಗಳದೂ ಡಿಕ್ಕಿಯ ಮ್ಯಾಟ್ ಕೆಳಗೆ ಒಂದೇ ಬೋಲ್ಟಿಗೆ ಸೇರುತ್ತವೆ. ಆ ಬೋಲ್ಟ್ ತುಕ್ಕು ಹಿಡಿದರೆ ಲೈಟಿನ ಕರೆಂಟ್ ಅಲ್ಲಿ ತಡೆದು ವೋಲ್ಟೇಜ್ ಮೇಲೇಳುತ್ತದೆ, ಮೀಟರ್ ಅದನ್ನೇ ಪೆಟ್ರೋಲ್ ಕಡಿಮೆ ಎಂದು ಓದುತ್ತದೆ. ಲೈಟ್ ಹಾಕಿಟ್ಟು ಅರ್ತ್ ವೈರಿನಿಂದ ಬ್ಯಾಟರಿಯ ಮೈನಸ್‌ಗೆ ಮಲ್ಟಿಮೀಟರ್ ಹಿಡಿದೆ: 0.6 ವೋಲ್ಟ್. 0.1 ದಾಟಬಾರದು. ಬೋಲ್ಟ್ ಬಿಚ್ಚಿದರೆ ರಿಂಗ್ ಟರ್ಮಿನಲ್ ಕೆಳಗೆ ಕಂದು ಪುಡಿ. ಉಪ್ಪುಕಾಗದದಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. 0.03 ಆಯಿತು. ಖರ್ಚು ಒಂದು ಹಾಳೆ ಉಪ್ಪುಕಾಗದ.

ಎರಡನೇ ಸಲ, ಹೋದ ವರ್ಷ, ಕಾಯಿಲೆಯೇ ಬೇರೆ. ಫುಲ್ ಇದ್ದಾಗ ಸರಿ, ಕಾಲು ಭಾಗ ಇದ್ದಾಗಲೂ ಸರಿ, ಅರ್ಧದ ಹತ್ತಿರ ಮಾತ್ರ ಮುಳ್ಳು ಕುಣಿತ. ಲೈಟ್ ಹಾಕಿದರೂ ಆರಿಸಿದರೂ ವ್ಯತ್ಯಾಸವಿಲ್ಲ. ಪರಿಚಯದ ಎಲೆಕ್ಟ್ರಿಷಿಯನ್ ಹಿಂದಿನ ಸೀಟು ಎತ್ತಿ, ಸೆಂಡರ್ ಪ್ಲಗ್ ಬಿಚ್ಚಿ, ಅದರ ಜಾಗದಲ್ಲಿ 50 ಓಮ್ ರೆಸಿಸ್ಟರ್ ಸಿಕ್ಕಿಸಿದರು. ಮುಳ್ಳು ಅರ್ಧದ ಹತ್ತಿರ ಅಲ್ಲಾಡದೆ ನಿಂತಿತು. ಅಂದರೆ ಮೀಟರ್ ಬೋರ್ಡೂ ವೈರಿಂಗೂ ನಿರ್ದೋಷಿ, ಕೈಕೊಟ್ಟದ್ದು ಟ್ಯಾಂಕಿನೊಳಗಿನದು.

ಬ್ಯಾಟರಿ ಕಳಚಿ, ಕಾರನ್ನು ಬಯಲಲ್ಲೇ ನಿಲ್ಲಿಸಿ ಸೆಂಡರ್ ಕೂತಿರುವ ಪಂಪ್ ಜೋಡಣೆ ಹೊರತೆಗೆದೆವು. ಟ್ಯಾಂಕಿನಲ್ಲಿ ಕಾಲಿಗಿಂತ ಕಡಿಮೆ ಪೆಟ್ರೋಲ್ ಇರುವಾಗ ಈ ಕೆಲಸಕ್ಕೆ ಕೈಹಾಕಬೇಕು, ಇಲ್ಲದಿದ್ದರೆ ಹೊರಗೆ ಚೆಲ್ಲುತ್ತದೆ. ಟ್ಯಾಂಕಿನಿಂದ ದೂರ ಒಯ್ದು ಪೆಟ್ರೋಲ್ ಮೇಲೆ ತೇಲುವ ಫ್ಲೋಟಿನ ತೋಳನ್ನು ನಿಧಾನವಾಗಿ ಎತ್ತಿದಾಗ, ಸೆಂಡರಿಗೆ ಹಿಡಿದ ಹಳೆಯ ಕಾಲದ ಮಲ್ಟಿಮೀಟರಿನ ಮುಳ್ಳು ಸರಾಗವಾಗಿ ಸರಿಯಬೇಕಿತ್ತು. ನಡುವಿನಲ್ಲಿ ಒಂದೇ ಜಾಗದಲ್ಲಿ ಪ್ರತಿ ಸಲವೂ ಸಂಪರ್ಕ ತಪ್ಪಿ ಎಗರುತ್ತಿತ್ತು. ಡಿಜಿಟಲ್ ಮೀಟರಿನಲ್ಲಿ ಈ ಎಗರಾಟ ಕಣ್ಣಿಗೆ ಬೀಳದೆಯೂ ಹೋಗಬಹುದು. ನಾನು ಹೆಚ್ಚಾಗಿ ಅರ್ಧಕ್ಕೆ ಬಂದಾಗಲೇ ತುಂಬಿಸುವವನು, ತೋಳು ಉಜ್ಜಿಕೊಂಡು ಸರಿಯುವ ರೆಸಿಸ್ಟೆನ್ಸ್ ಪಟ್ಟಿ ಸವೆದದ್ದೂ ಅಲ್ಲೇ.

ಹೊಸ ಸೆಂಡರ್ ಹಾಕಿ ಹದಿನಾಲ್ಕು ತಿಂಗಳಾಯಿತು. ಕುಣಿತ ನಿಂತಿದೆ. ಫ್ಲೋಟ್ ತೋಳಿನ ಬಾಗು ಹಳೆಯದರಷ್ಟೇ ಇಲ್ಲವೇನೋ, ಕೆಂಪು ದೀಪ ಮೊದಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ. ಅದನ್ನು ಬಗ್ಗಿಸಲು ಮತ್ತೆ ಟ್ಯಾಂಕ್ ಬಿಚ್ಚುವ ಉಮೇದು ನನಗಿಲ್ಲ.