ರಜೆ ಪತ್ರ ಕಳಿಸುವ ಮುಂಚೆ: ಕೆಂಪು ಗೆರೆ, ಸ್ವಂತ ಬಾಯಿ, ಫೋನಿನ ದನಿ, ಮನೆಯವರ ಕಣ್ಣು

ಕ್ಲಾಸ್ ಟೀಚರ್‌ಗೆ ಬರೆಯುವ ರಜೆ ಪತ್ರ ಅಂದ್ರೆ ಐದಾರು ಸಾಲು, ಅಷ್ಟೇ. ಕಳಿಸುವ ಮುಂಚೆ ಒಂದ್ಸಲ ನೋಡ್ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ನೋಡಿಕೊಳ್ಳಬೇಕು ಅಂತ ಯಾರೂ ಹೇಳಲ್ಲ. ಕೆಲವರು ಸ್ಪೆಲ್ ಚೆಕ್ ನಂಬುತ್ತಾರೆ, ಕೆಲವರು ಜೋರಾಗಿ ಓದುತ್ತಾರೆ, ಕೆಲವರು ಫೋನಿನಿಂದಲೇ ಓದಿಸಿ ಕೇಳುತ್ತಾರೆ, ಕೆಲವರು ಮನೆಯವರ ಕೈಗೆ ಕೊಡುತ್ತಾರೆ. ಈ ನಾಲ್ಕನ್ನೂ ಒಂದೇ ಪತ್ರದ ಮೇಲೆ ಹಾಕಿ ನೋಡಿದೆ. ಪತ್ರದಲ್ಲಿ ಬೇಕಂತಲೇ ಆರು ತಪ್ಪು ಇಟ್ಟಿದ್ದೆ. ಪರಿಚಯದ ಅಪ್ಪ ಅಮ್ಮಂದಿರ ಪತ್ರಗಳಲ್ಲಿ ಆಗಾಗ ಕಾಣುವಂಥ ತಪ್ಪುಗಳೇ ಅವು. ಮಗುವಿನ ಹೆಸರು ಮಾತ್ರ ಸುಮ್ನೆ ಇಟ್ಟಿದ್ದು.

> ಮಾನ್ಯರೇ,
>
> ನನ್ನ ಮಗಳು ಅನನ್ಯಳಿಗೆ ನಿನ್ನೆ ರಾತ್ರಿಯಿಂದ ಜ್ವರ ಬಂದಿದೆ. ಹಾಸಿಗೆಯಿಂದ ಹೇಳಲು ಆಗುತ್ತಿಲ್ಲ. ವೈಧ್ಯರು ವಿಶ್ರಾಂತಿ ಬೇಕು ಎಂದು ಹೇಳಿದ್ದಾರೆ. ಆದ್ದರಿಂದ 10-2-2026ರ ಸೋಮವಾರದಿಂದ ಬುಧವಾರದವರೆಗೆ ಎರಡು ದಿನ ಅವನಿಗೆ ರಜೆ ನೀಡಬೇಕೆಂದು ಕೋರುತ್ತೇನೆ. ಬಿಟ್ಟುಹೋದ ಪಾಠಗಳನ್ನು ಮನೆಯಲ್ಲಿ ಓದಿಸುತ್ತೆನೆ.

‘ವೈಧ್ಯರು’ ತಪ್ಪು, ‘ವೈದ್ಯರು’ ಆಗಬೇಕು. ‘ಓದಿಸುತ್ತೆನೆ’ಯಲ್ಲಿ ದೀರ್ಘ ಬಿಟ್ಟುಹೋಗಿದೆ. ‘ಹೇಳಲು’ ಅಂತ ಇರುವ ಕಡೆ ‘ಏಳಲು’ ಬೇಕು. ಮಗಳ ಪತ್ರದಲ್ಲಿ ‘ಅವನಿಗೆ’ ಬಂದಿದೆ. ಅವಳ ಅಣ್ಣನ ರಜೆಗೆ ಬರೆದ ಹಳೇ ಪತ್ರವನ್ನು ಕಾಪಿ ಮಾಡಿ ಹೆಸರು ಮಾತ್ರ ಬದಲಿಸಿದರೆ ಹೀಗಾಗುತ್ತದೆ. 2026ರ ಫೆಬ್ರವರಿ 10 ಮಂಗಳವಾರ, ಸೋಮವಾರ ಅಲ್ಲ. ಇನ್ನು ಸೋಮವಾರದಿಂದ ಬುಧವಾರದವರೆಗೆ ಅಂದ್ರೆ ಮೂರು ದಿನ, ಎರಡಲ್ಲ.

ಮೊದಲು ಕೆಂಪು ಗೆರೆ. ಇದು ‘ವೈಧ್ಯರು’ ಹಿಡಿಯಿತು, ‘ಓದಿಸುತ್ತೆನೆ’ ಹಿಡಿಯಿತು. ಖುಷಿಯಾಯಿತು. ಆದರೆ ‘ಅನನ್ಯಳಿಗೆ’ ಕೆಳಗೂ ಗೆರೆ ಬಿತ್ತು, ‘ನೀಡಬೇಕೆಂದು’ ಕೆಳಗೂ ಬಿತ್ತು. ಎರಡೂ ಸರಿಯಾಗಿಯೇ ಇವೆ. ಕನ್ನಡದಲ್ಲಿ ಒಂದು ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತದೆ, ಪದಕ್ಕೆ ಪದ ಕೂಡಿಕೊಳ್ಳುತ್ತದೆ. ಅಷ್ಟೂ ರೂಪಗಳನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಯಂತ್ರದ ಕಣ್ಣಿಗೆ ತಪ್ಪೇ. ಹೀಗೆ ಸರಿಯಾದ ಪದಗಳಿಗೂ ಗೆರೆ ಬೀಳುತ್ತಿದ್ದರೆ ಸ್ವಲ್ಪ ಹೊತ್ತಿಗೆ ನಾವು ಗೆರೆ ನೋಡುವುದನ್ನೇ ಬಿಡುತ್ತೇವೆ. ನಿಜವಾದ ತಪ್ಪೂ ಅದರ ಜೊತೆಗೇ ದಾಟಿಹೋಗುತ್ತದೆ.

ಉಳಿದ ನಾಲ್ಕು ತಪ್ಪನ್ನು ಅದು ಮುಟ್ಟಲೇ ಇಲ್ಲ. ‘ಹೇಳಲು’ ಒಳ್ಳೆಯ ಕನ್ನಡ ಪದ, ‘ಅವನಿಗೆ’ಯೂ ಹಾಗೇ, ‘ಎರಡು’ ಕೂಡ ಹಾಗೇ. ತಪ್ಪು ಪದದೊಳಗೆ ಇಲ್ಲ, ಪದ ಕೂತ ಜಾಗದಲ್ಲಿದೆ. ಇನ್ನೊಂದು ಅಪಾಯವೂ ಇದೆ. ಗೆರೆ ಬಿದ್ದ ‘ಅನನ್ಯಳಿಗೆ’ಯನ್ನು ಮುಟ್ಟಿದರೆ ಫೋನು ಬೇರೆ ಯಾವುದೋ ಪದ ಸೂಚಿಸುತ್ತದೆ. ಅವಸರದಲ್ಲಿ ಅದನ್ನೇ ಒತ್ತಿಬಿಟ್ಟರೆ ಮಗುವಿನ ಹೆಸರೇ ಹೋಯಿತು.

ಎರಡನೆಯದು ನಾವೇ ಜೋರಾಗಿ ಓದುವುದು. ಇದರ ಮೇಲೆ ನನಗೆ ಜಾಸ್ತಿ ನಂಬಿಕೆ ಇತ್ತು. ವಾಕ್ಯ ಅರ್ಧಕ್ಕೆ ನಿಂತಿದ್ದರೆ, ಒಂದೇ ಪದ ಎರಡು ಸಲ ಬಂದಿದ್ದರೆ ನಾಲಿಗೆ ಎಡವುತ್ತದೆ ನಿಜ. ‘ಅವನಿಗೆ’ ಬಳಿ ಎಡವಿದೆ ಕೂಡ. ಆದರೆ ಕಾಗುಣಿತದ ಎರಡು ತಪ್ಪುಗಳನ್ನೂ ನಾಲಿಗೆ ಸರಾಗವಾಗಿ ದಾಟಿತು. ಮಾತಿನಲ್ಲಿ ದ ಮತ್ತು ಧ ನಡುವಿನ ವ್ಯತ್ಯಾಸವನ್ನು ನಮ್ಮಲ್ಲಿ ಬಹಳ ಜನ ಉಳಿಸಿಕೊಂಡಿಲ್ಲ. ‘ವೈಧ್ಯರು’ ಅಂತ ಬರೆದಿದ್ದರೂ ಬಾಯಿಗೆ ಬರೋದು ‘ವೈದ್ಯರು’. ‘ಓದಿಸುತ್ತೆನೆ’ ಅಂತ ಇದ್ದರೂ ಕಣ್ಣು ಅದನ್ನು ‘ಓದಿಸುತ್ತೇನೆ’ ಅಂತಲೇ ಬಾಯಿಗೆ ಕೊಡುತ್ತದೆ.

‘ಹೇಳಲು’ ವಿಷಯ ಇನ್ನೂ ಮಜಾ. ಹ ಬಿಟ್ಟು ಮಾತಾಡುವ ಅಭ್ಯಾಸ ಇರುವವರು ಎರಡನ್ನೂ ‘ಏಳಲು’ ಅಂತಲೇ ಅನ್ನುತ್ತಾರೆ. ಹಾಗೆ ಮಾತಾಡುವ ಗೆಳತಿಯ ಕೈಲಿ ಓದಿಸಿದೆ. ‘ಹಾಸಿಗೆಯಿಂದ ಏಳಲು ಆಗುತ್ತಿಲ್ಲ’ ಅಂತ ಸಲೀಸಾಗಿ ಓದಿ ಫೋನು ವಾಪಸ್ ಕೊಟ್ಟಳು. ತಪ್ಪು ಹುಟ್ಟುವುದೇ ನಾಲಿಗೆಯಲ್ಲಿ. ಅದೇ ನಾಲಿಗೆಗೆ ಹುಡುಕು ಅಂದರೆ ಹೇಗೆ ಸಿಗುತ್ತದೆ?

ಅದಕ್ಕೇ ಮೂರನೆಯದು, ಫೋನಿನ ಕೈಲಿ ಓದಿಸುವುದು. ಆಂಡ್ರಾಯ್ಡ್ ಫೋನಿನಲ್ಲಿ Settings ಒಳಗೆ Accessibility, ಅದರಲ್ಲಿ Select to Speak ಅಂತ ಇರುತ್ತದೆ. ಅದನ್ನು ಆನ್ ಮಾಡಿ, ದನಿಯ ಭಾಷೆ ಕನ್ನಡ ಅಂತ ಇಟ್ಟುಕೊಂಡರೆ ಆಯಿತು. ಫೋನಿಗೆ ನಮ್ಮ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಬರೆದದ್ದನ್ನು ಬರೆದ ಹಾಗೇ ಓದುತ್ತದೆ. ‘ಹಾಸಿಗೆಯಿಂದ ಹೇಳಲು’ ಅಂತ ಖಡಕ್ಕಾಗಿ ಹ ಹಚ್ಚಿ ಅಂದಾಗ ಕಿವಿ ನೆಟ್ಟಗಾಯಿತು. ‘ಓದಿಸುತ್ತೆನೆ’ಯನ್ನೂ ಗಿಡ್ಡವಾಗಿ ಅಂದಿತು, ಅದೂ ಗೊತ್ತಾಯಿತು. ‘ಅವನಿಗೆ’ ಕೂಡ ಕೇಳಿಸಿತು. ‘ವೈಧ್ಯರು’ ಮಾತ್ರ ಸಣ್ಣ ಸ್ಪೀಕರಿನಲ್ಲಿ ಸ್ಪಷ್ಟವಾಗಲಿಲ್ಲ. ಮಹಾಪ್ರಾಣ ಹಿಡಿಯೋಕೆ ಕೆಂಪು ಗೆರೆಯೇ ವಾಸಿ.

ದಿನಾಂಕ ಬಂದಾಗ ಮಾತ್ರ ಈ ವಿಧಾನ ಸೋತಿತು. ದನಿ ಅಂಕಿಗಳನ್ನು ಗಡಿಬಿಡಿಯಲ್ಲಿ ಓದಿ ಮುಂದೆ ಹೋಯಿತು. ಸರಿಯಾಗಿ ಓದಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ. ಹತ್ತನೇ ತಾರೀಖು ಸೋಮವಾರ ಅಂತ ಕಿವಿಗೆ ಬಿದ್ದರೆ ಅದು ತಪ್ಪು ಅಂತ ಕಿವಿಗೆ ಹೇಗೆ ಗೊತ್ತಾಗಬೇಕು?

ನಾಲ್ಕನೆಯದು ಮನೆಯವರ ಕಣ್ಣು. ಮೊದಲು ನಮ್ಮವರಿಗೆ ಫೋನು ಕೊಟ್ಟು, “ಏನ್ರೀ, ಇದರಲ್ಲಿ ತಪ್ಪಿದೆಯಾ ನೋಡಿ” ಅಂದೆ. ‘ವೈಧ್ಯರು’ ತೋರಿಸಿದರು. ‘ಕೋರುತ್ತೇನೆ’ ಬದಲು ‘ವಿನಂತಿಸುತ್ತೇನೆ’ ಹಾಕಿದ್ರೆ ಚೆನ್ನಾಗಿರುತ್ತೆ ಅಂದರು. ಅಷ್ಟೇ. ತಪ್ಪು ಹುಡುಕಿ ಅಂದ್ರೆ ಜನ ಕಾಗುಣಿತ ನೋಡುತ್ತಾರೆ, ಅದು ಮುಗಿದರೆ ಭಾಷೆ ತಿದ್ದೋಕೆ ಹೊರಡುತ್ತಾರೆ.

ಆಮೇಲೆ ಪ್ರಶ್ನೆ ಬದಲಿಸಿದೆ. ಇನ್ನೊಮ್ಮೆ ಓದಿಸಿ, ಫೋನು ಕೆಳಗಿಡಿಸಿ, “ಮಗು ಯಾವತ್ತಿಂದ ಬರಲ್ಲ, ಮತ್ತೆ ಯಾವತ್ತು ಬರುತ್ತೆ, ಹೇಳಿ” ಅಂದೆ.

“ಸೋಮವಾರದಿಂದ ಎರಡು ದಿನ ಅಂದ್ರೆ ಬುಧವಾರ ಬರ್ತಾಳೆ. ಅಲ್ಲ ಕಣೇ, ಬುಧವಾರದವರೆಗೆ ಅಂತಿದೆಯಲ್ಲ, ಹಾಗಾದ್ರೆ ಗುರುವಾರ. ಒಂದ್ನಿಮಿಷ, ಸೋಮವಾರ ಒಂಬತ್ತಲ್ವಾ? ಹತ್ತು ಅಂತ ಯಾಕಿದೆ?”

ಎರಡೂ ತಪ್ಪು ಒಂದೇ ಉಸಿರಿಗೆ ಹೊರಬಿತ್ತು. ಅದೇ ಮನುಷ್ಯ, ಅದೇ ಪತ್ರ. ಬದಲಾಗಿದ್ದು ಪ್ರಶ್ನೆ ಮಾತ್ರ. ಟೀಚರ್ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಓದುವುದೂ ಹೀಗೇ ಅಲ್ವಾ? ಅವರಿಗೆ ‘ಕೋರುತ್ತೇನೆ’ಯೋ ‘ವಿನಂತಿಸುತ್ತೇನೆ’ಯೋ ಬೇಕಿಲ್ಲ. ಯಾವ ಮಗು, ಯಾವ ಸೆಕ್ಷನ್, ಯಾವ್ಯಾವ ದಿನ ಅಂತ ತಿಳಿಯಬೇಕು. ‘ವೈಧ್ಯರು’ ಅಂತಿದ್ದರೆ ಒಳಗೊಳಗೇ ನಕ್ಕು ಸುಮ್ಮನಾಗುತ್ತಾರೆ. ಬುಧವಾರ ರಜೆಯೋ ಅಲ್ಲವೋ ಅಂತ ಗೊತ್ತಾಗದಿದ್ದರೆ ಒಂದೋ ಫೋನ್ ಮಾಡಬೇಕು, ಇಲ್ಲಾಂದ್ರೆ ಅವತ್ತು ಗೈರುಹಾಜರಿ ಹಾಕಬೇಕು.

ಮನೆಯವರ ಕಣ್ಣಿಗೂ ಒಂದು ಮಿತಿ ಇದೆ. ಅವರಿಗೆ ವಿಷಯ ಮೊದಲೇ ಗೊತ್ತಿರುತ್ತದೆ. ನಮ್ಮವರು ‘ಅವನಿಗೆ’ ಎರಡು ಸಲವೂ ಗಮನಿಸಲಿಲ್ಲ, ಮಗಳು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಪತ್ರದಲ್ಲಿ ಇಲ್ಲದ್ದನ್ನೂ ಅವರೇ ತುಂಬಿಕೊಂಡು ಓದುತ್ತಾರೆ. ತರಗತಿ, ಸೆಕ್ಷನ್ ಬರೆದೇ ಇಲ್ಲ ಅಂತ ಹೇಳಿದ್ದು ಪಕ್ಕದ ಮನೆಯ ಅಕ್ಕ: “ಯಾವ ಕ್ಲಾಸು ಇವಳು?” ಅಂತ ಕೇಳಿದರು. ಬೇಕಂತ ಇಟ್ಟ ಆರರಲ್ಲಿ ಅದು ಇರಲೇ ಇಲ್ಲ. ಇದ್ದದ್ದನ್ನು ತಿದ್ದೋಕೆ ಯಂತ್ರವೂ ಸ್ವಲ್ಪ ನೆರವಾಗುತ್ತದೆ, ಇಲ್ಲದ್ದನ್ನು ಹುಡುಕೋಕೆ ವಿಷಯ ಗೊತ್ತಿಲ್ಲದವರೇ ಬೇಕು.

ನಾಲ್ಕರಲ್ಲಿ ಒಂದನ್ನೇ ಆರಿಸಬೇಕು ಅಂದ್ರೆ ನಾನು ಆರಿಸೋದು ನಾಲ್ಕನೆಯದನ್ನೇ, ಆದರೆ ಪ್ರಶ್ನೆ ಬದಲಿಸಿ. ಬೆಳಗ್ಗೆ ಅವಸರದಲ್ಲಿ ಯಾರೂ ಸಿಗದಿದ್ದರೆ ಕ್ಯಾಲೆಂಡರ್ ತೆಗೆದು ರಜೆಯ ಒಂದೊಂದೇ ದಿನದ ಮೇಲೆ ಬೆರಳಿಟ್ಟು ಎಣಿಸುತ್ತೇನೆ: ಒಂಬತ್ತು ಸೋಮ, ಹತ್ತು ಮಂಗಳ, ಹನ್ನೊಂದು ಬುಧ, ಮೂರು ದಿನ. ಮನಸ್ಸಿನಲ್ಲೇ ಹನ್ನೊಂದರಿಂದ ಒಂಬತ್ತು ಕಳೆದರೆ ಎರಡು ಬರುತ್ತದೆ. ‘ಎರಡು ದಿನ’ ತಪ್ಪು ಹುಟ್ಟುವುದೇ ಅಲ್ಲಿ. ಇದಾದ ಮೇಲೆ ಫೋನಿನ ದನಿ. ಕೆಂಪು ಗೆರೆ ಕೊನೆಗೆ, ಅದೂ ಮಹಾಪ್ರಾಣ ಮತ್ತು ದೀರ್ಘಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುವವರಿಗೆ ಇದು ಬೇಕೇ ಬೇಕು. vaidhya ಅಂತ ಒತ್ತಿದರೆ ‘ವೈಧ್ಯ’ ಬಂದು ಕೂರುವ ಸಂಭವ ಇದ್ದೇ ಇದೆ. ಜೋರಾಗಿ ಓದುವುದನ್ನು ಈಗ ಬಿಟ್ಟಿದ್ದೇನೆ. ಫೋನಿನ ದನಿ ಇರುವಾಗ ಅದರಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ.

ದಿನಾಂಕದ ಜೊತೆ ವಾರವನ್ನೂ ಬರೆದರೆ ತಪ್ಪಾಗೋ ಜಾಗ ಹೆಚ್ಚಾಗುತ್ತದೆ, ಬರೀ ದಿನಾಂಕ ಸಾಕು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಬರೀ ‘10-2-2026’ ಅಂತಿದ್ದಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಾರ ಜೊತೆಗಿತ್ತು, ಅದಕ್ಕೇ ಸಿಕ್ಕಿಬಿತ್ತು. ಮರಳಿ ಬರುವ ದಿನವನ್ನೂ ಬರೆದುಬಿಟ್ಟರೆ ‘ವರೆಗೆ’ಯೊಳಗೆ ಬುಧವಾರ ಸೇರಿದೆಯಾ ಇಲ್ಲವಾ ಅನ್ನೋ ಗೊಂದಲವೂ ಉಳಿಯಲ್ಲ.

ತಿದ್ದಿದ ಮೇಲೆ ಪತ್ರ ಹೀಗಾಯಿತು:

> ಮಾನ್ಯರೇ,
>
> 4ನೇ ತರಗತಿ ‘ಬಿ’ ಸೆಕ್ಷನ್‌ನಲ್ಲಿ ಓದುತ್ತಿರುವ ನನ್ನ ಮಗಳು ಅನನ್ಯಳಿಗೆ ನಿನ್ನೆ ರಾತ್ರಿಯಿಂದ ಜ್ವರ ಬಂದಿದೆ. ಹಾಸಿಗೆಯಿಂದ ಏಳಲು ಆಗುತ್ತಿಲ್ಲ. ವೈದ್ಯರು ವಿಶ್ರಾಂತಿ ಬೇಕು ಎಂದು ಹೇಳಿದ್ದಾರೆ. ಆದ್ದರಿಂದ 9-2-2026ರ ಸೋಮವಾರದಿಂದ 11-2-2026ರ ಬುಧವಾರದವರೆಗೆ ಮೂರು ದಿನ ಅವಳಿಗೆ ರಜೆ ನೀಡಬೇಕೆಂದು ಕೋರುತ್ತೇನೆ. ಗುರುವಾರ, 12ರಂದು ಶಾಲೆಗೆ ಬರುತ್ತಾಳೆ. ಬಿಟ್ಟುಹೋದ ಪಾಠಗಳನ್ನು ಮನೆಯಲ್ಲಿ ಓದಿಸುತ್ತೇನೆ.

ಕೆಳಗೆ ಹೆಸರು, ಫೋನ್ ನಂಬರ್. ತಿದ್ದುವಾಗ ಒಂದು ದಿನಾಂಕ ಬದಲಿಸಿದರೂ ಮತ್ತೆ ಬೆರಳಿಟ್ಟು ಎಣಿಸಬೇಕು. ಜ್ವರ ಇಳಿಯದೆ ರಜೆ ಶುಕ್ರವಾರದವರೆಗೆ ಬೆಳೆದರೆ ವಾರ, ದಿನಾಂಕ, ಎಷ್ಟು ದಿನ, ಮರಳುವ ದಿನ ನಾಲ್ಕೂ ಬದಲಾಗಬೇಕು. ಜನ ಒಂದನ್ನು ತಿದ್ದಿ ಮೂರನ್ನು ಬಿಡುತ್ತಾರೆ. ಹಾಗಾಗಿ ರಜೆ ಮುಂದುವರಿದರೆ ಹಳೇ ಪತ್ರ ತಿದ್ದೋಕೆ ಹೋಗದೆ, ‘ಶುಕ್ರವಾರ, 13ರವರೆಗೆ ರಜೆ ಮುಂದುವರಿಸಬೇಕು’ ಅಂತ ಒಂದೇ ಸಾಲಿನ ಹೊಸ ಪತ್ರ ಬರೆಯುತ್ತೇನೆ. ಶನಿವಾರ ಶಾಲೆ ಇದ್ದರೆ ಶನಿವಾರ, ಇಲ್ಲದಿದ್ದರೆ ಸೋಮವಾರ, 16ರಂದು ಬರುತ್ತಾಳೆ ಅಂತ ಅದರಲ್ಲೇ ಸೇರಿಸುತ್ತೇನೆ.

‘ಮಾನ್ಯರೇ’ಯೋ ‘ಮಾನ್ಯರೆ’ಯೋ ಅಂತ ತಲೆ ಕೆಡಿಸಿಕೊಳ್ಳೋಕೆ ಹೋಗಲ್ಲ. ಎರಡೂ ನಡೆಯುತ್ತೆ.