ಒಂದೇ ವಿಪಿಎನ್ ಫೈಲನ್ನು ಮನೆಯ ಎಲ್ಲ ಫೋನಿಗೂ ಹಾಕಬೇಡಿ

ಮೈಸೂರಿನಲ್ಲಿ ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಇಂಟರ್ನೆಟ್ ಕೂಡ ಓನರ್ ಕೊಟ್ಟದ್ದೇ. ಅವರ ಒಂದೇ ಕನೆಕ್ಷನ್ ನಾಲ್ಕು ಮನೆಗೆ ಹಂಚಿಕೆಯಾಗಿದೆ. ನಮ್ಮ ಬಳಕೆ ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದು ಕಳೆದ ವರ್ಷ ಒಂದು ವಿಪಿಎನ್‌ಗೆ ಹಣ ಕಟ್ಟಿದೆ. ಐದು ಸಾಧನಕ್ಕೆ ಅವಕಾಶವಿದ್ದ ಪ್ಲಾನ್ ಅದು. ನಮ್ಮ ಮನೆಯಲ್ಲಿ ನಾಲ್ಕು ಫೋನ್, ಎರಡು ಲ್ಯಾಪ್‌ಟಾಪ್, ಒಂದು ಟ್ಯಾಬ್, ಒಂದು ಟಿವಿ, ಒಟ್ಟು ಎಂಟು. ಹಣ ಕಟ್ಟುವ ಮೊದಲು ಎಣಿಸಿಯೇ ಇರಲಿಲ್ಲ. ಆರನೆಯದಕ್ಕೆ ಲಾಗಿನ್ ಆಗಹೋದಾಗ "ಮಿತಿ ಮುಗಿದಿದೆ" ಎಂಬ ಸಂದೇಶ ಬಂತು.

ಆಗ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಇದೇ ಉಪಾಯ ಹಲವರಿಗೆ ಹೊಳೆಯುತ್ತದೆ ಎಂದು ಆಮೇಲೆ ಗೊತ್ತಾಯಿತು.

ಆ ಕಂಪನಿಯ ಅಕೌಂಟ್ ಪುಟದಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ವಿಧಾನದ ಕಾನ್ಫಿಗ್ ಫೈಲ್ ಇಳಿಸಿಕೊಳ್ಳಬಹುದಿತ್ತು. ಒಂದು ಫೈಲ್ ಎಂದರೆ ಒಂದು ಸಾಧನ, ಅಷ್ಟೇ ಲೆಕ್ಕ. ಆ ಫೈಲನ್ನೇ ನಾಲ್ಕು ಕಡೆ ಹಾಕಿದರೆ ಕಂಪನಿಗೆ ಒಂದೇ ಸಾಧನವಾಗಿ ಕಾಣುತ್ತದಲ್ಲ ಎಂದುಕೊಂಡೆ. ಮನೆಯವರ ವಾಟ್ಸಾಪ್ ಗ್ರೂಪಿಗೆ ಫೈಲ್ ಕಳಿಸಿ, ಎಲ್ಲರ ಕೈಯಲ್ಲೂ ಹಾಕಿಸಿದೆ. ಮೊದಲ ಅರ್ಧ ಗಂಟೆ ಎಲ್ಲವೂ ಸರಿ ಇದ್ದಂತೆ ಕಂಡಿತು.

ಮರುದಿನದಿಂದ ನೆಟ್ ನಿಂತು ನಿಂತು ಬರತೊಡಗಿತು. ಹತ್ತು ಹದಿನೈದು ಸೆಕೆಂಡು ಓಡುವುದು, ಆಮೇಲೆ ಸ್ತಬ್ಧ, ಮತ್ತೆ ಓಡುವುದು. ಅತ್ತೆಯವರು ಡಾಕ್ಟರ ಜೊತೆ ವಿಡಿಯೋ ಕಾಲ್‌ನಲ್ಲಿದ್ದಾಗ ಮಾತು ಮೂರು ಸಲ ಕಡಿಯಿತು. ಮಗಳು ಮಾಕ್ ಟೆಸ್ಟ್ ಬರೆಯುವಾಗ ಎರಡು ಸಲ ಹೊರಬಿದ್ದಳು. ನಾನು ಓನರ್‌ಗೆ ಫೋನ್ ಮಾಡಿ, "ಸಾರ್, ನಿಮ್ಮ ಲೈನೇ ಸರಿ ಇಲ್ಲ" ಎಂದೆ. ಅವರು ಪಾಪ ಲೈನ್‌ಮ್ಯಾನ್ ಕರೆಸಿ ಕೇಬಲ್ ಬದಲಾಯಿಸಿದರು. ಆದರೂ ಅದೇ ಕಥೆ. ಹೀಗೆ ಮೂರು ವಾರ ಕಳೆಯಿತು.

ಕಾರಣ ಆ ಫೈಲಿನ ಒಳಗೇ ಇತ್ತು. ತೆರೆದರೆ ಮೇಲಿನ ಸಾಲುಗಳು ಹೀಗಿರುತ್ತವೆ:

```
[Interface]
PrivateKey = ...
Address = 10.0.0.7/32
```

ವೈರ್‌ಗಾರ್ಡ್‌ಗೆ ನಿಮ್ಮ ಹೆಸರಾಗಲಿ, ಫೋನಿನ ಮಾದರಿಯಾಗಲಿ ಬೇಕಿಲ್ಲ. ಅದು ಗುರುತಿಸುವುದು `PrivateKey` ಸಾಲಿನ ಈ ಕೀಲಿಯಿಂದ ಮಾತ್ರ. ಒಂದು ಕೀಲಿಗೆ ಒಂದೇ ವಿಳಾಸವನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಆ ಕೀಲಿಯ ಪ್ಯಾಕೆಟ್ ಕೊನೆಗೆ ಎಲ್ಲಿಂದ ಬಂತೋ ಉತ್ತರ ಅಲ್ಲಿಗೇ ಹೋಗುತ್ತದೆ. ಮಗಳ ಲ್ಯಾಪ್‌ಟಾಪ್ ಸಂಪರ್ಕದಲ್ಲಿರುವಾಗ ಅದೇ ಕೀಲಿ ಇರುವ ನನ್ನ ಫೋನ್ ಎದ್ದು ಹೊಸದಾಗಿ ಸಂಪರ್ಕ ಮಾಡಿತೆನ್ನಿ, ಅವಳಿಗೆ ಹೋಗಬೇಕಾದ ಉತ್ತರವೆಲ್ಲ ನನ್ನ ಫೋನಿಗೆ ಹೊಂದುವ ಗೂಢಲಿಪಿಯಲ್ಲಿ ಬರುತ್ತದೆ. ಅವಳದಕ್ಕೆ ಏನೂ ಸಿಗುವುದಿಲ್ಲ. ಕಳಿಸಿದ್ದಕ್ಕೆ 15 ಸೆಕೆಂಡು ಉತ್ತರ ಬಾರದಿದ್ದರೆ ವೈರ್‌ಗಾರ್ಡ್ ಮತ್ತೆ ಹೊಸ ಸಂಪರ್ಕ ಕೇಳುತ್ತದೆ. ಅದು ಸಿಕ್ಕ ಕೂಡಲೇ ನನ್ನ ಫೋನ್ ಒಣಗುತ್ತದೆ. ಹೀಗೆ ಒಂದೇ ಸೀಟಿಗೆ ನಾಲ್ಕು ಜನ ಟವೆಲ್ ಹಾಕಿದಂತಾಗಿತ್ತು ನಮ್ಮ ಸ್ಥಿತಿ.

ನಿಮ್ಮಲ್ಲೂ ಇದೇ ತೊಂದರೆಯೋ ಎಂದು ನೋಡುವುದು ಸುಲಭ. ಉಳಿದ ಎಲ್ಲದರಲ್ಲೂ ವಿಪಿಎನ್ ಆಫ್ ಮಾಡಿ, ಒಂದರಲ್ಲಿ ಮಾತ್ರ ವಿಡಿಯೋ ಹಾಕಿ. ಅದು ಸರಾಗ ಓಡಿ, ಎರಡನೆಯದನ್ನು ಆನ್ ಮಾಡಿದ ಒಂದು ನಿಮಿಷದೊಳಗೆ ನಿಂತರೆ ಕೀಲಿಯೇ ಕಾರಣ. ಲೈನನ್ನು ಬಯ್ಯಬೇಡಿ. ನಾನು ಓನರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ನಡುವೆ ಇನ್ನೊಂದು ತಪ್ಪೂ ಆಯಿತು. ಟೆಲಿಗ್ರಾಮ್‌ನಲ್ಲಿ ಒಬ್ಬರು ಬೇರೆ ವಿಪಿಎನ್ ಲಾಗಿನ್ ಒಂದನ್ನು ವರ್ಷಕ್ಕೆ 400 ರೂಪಾಯಿಗೆ ಮಾರುತ್ತಿದ್ದರು, ಕೊಂಡೆ. ಒಂದು ತಿಂಗಳು ತುಂಬುವ ಮೊದಲೇ ಪಾಸ್‌ವರ್ಡ್ ಬದಲಾಯಿತು, ಮಾರಿದವರೂ ಕಾಣೆಯಾದರು. ಅದು ಯಾರ ಅಕೌಂಟೋ, ಕದ್ದದ್ದೋ ಏನೋ. ಬ್ಯಾಂಕ್ ವ್ಯವಹಾರವೂ ಸಾಗುವ ದಾರಿಯನ್ನು ಅಂಥವರ ಕೈಗೆ ಕೊಟ್ಟಿದ್ದೆ ಎಂದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಸರಿಯಾದ ದಾರಿಗಳು ಎರಡಿವೆ. ಮಿತಿಯೇ ಇಲ್ಲದ ಪ್ಲಾನ್ ಒಂದು. ಸರ್ಫ್‌ಶಾರ್ಕ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್‌ನಂಥವು ಸಾಧನದ ಮಿತಿ ಇಲ್ಲ ಎಂದು ತಾವೇ ಹೇಳಿಕೊಳ್ಳುತ್ತವೆ. ಹೊಸದಾಗಿ ಕೊಳ್ಳುವವರಿಗೆ ಅದೇ ಸುಲಭ. ನಾನು ಆಗಲೇ ಹಣ ಕಟ್ಟಿದ್ದರಿಂದ ಇನ್ನೊಂದನ್ನು ಹಿಡಿದೆ: ವಿಪಿಎನ್ ಅನ್ನು ರೌಟರ್‌ನಲ್ಲೇ ಕೂರಿಸುವುದು. ಸರ್ವರ್‌ಗೆ ಕಾಣುವುದು ರೌಟರ್ ಒಂದೇ, ಅದರ ಹಿಂದೆ ಎಷ್ಟು ಸಾಧನವಿದ್ದರೂ ಲೆಕ್ಕ ಒಂದೇ. ಇದು ಕಳ್ಳದಾರಿಯಲ್ಲ. ನನ್ನ ಕಂಪನಿಯ ಸಹಾಯ ಪುಟದಲ್ಲೇ ರೌಟರ್‌ಗೆ ಹಾಕುವ ಕ್ರಮ ಕೊಟ್ಟಿದ್ದಾರೆ. ನಿಮ್ಮದರಲ್ಲೂ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಓನರ್ ಬಾಕ್ಸನ್ನು ಮುಟ್ಟುವಂತಿರಲಿಲ್ಲ. ಅಲ್ಲಿಂದ ನಮ್ಮ ಮನೆಗೆ ಬಂದ ಕೇಬಲ್ಲನ್ನು ಓಪನ್‌ಡಬ್ಲ್ಯೂಆರ್‌ಟಿ ಎಂಬ ತಂತ್ರಾಂಶ ಓಡುವ ನಮ್ಮದೇ ರೌಟರ್‌ನ `WAN` ತೂತಿಗೆ ಸಿಕ್ಕಿಸಿದೆ. ಎರಡೂ `192.168.1.1` ಆಗಿದ್ದುದರಿಂದ ನಮ್ಮದನ್ನು `192.168.2.1` ಮಾಡಿದೆ. ಆಮೇಲೆ `luci-proto-wireguard` ಹಾಕಿ, ಹೊಸ ಇಂಟರ್‌ಫೇಸ್ ಮಾಡಿ, ಹೊಸದಾಗಿ ಇಳಿಸಿದ ಕಾನ್ಫಿಗ್ ಫೈಲನ್ನು ಅದಕ್ಕೆ ಕೊಟ್ಟು, `Route Allowed IPs` ಗುರುತು ಹಾಕಿದೆ. ಫೈರ್‌ವಾಲ್‌ನಲ್ಲಿ ಇದಕ್ಕೇ ಒಂದು ಜೋನ್ ಮಾಡಿ, `Masquerading` ಮತ್ತು `MSS clamping` ಎರಡನ್ನೂ ಆನ್ ಮಾಡಬೇಕು. ಎರಡನೆಯದನ್ನು ಮರೆತರೆ ಕೆಲವು ಪುಟಗಳು ಅರ್ಧಕ್ಕೇ ನಿಲ್ಲುತ್ತವೆ. `lan` ಜೋನಿನಿಂದ ಈ ಹೊಸ ಜೋನಿಗೆ ದಾರಿ ಕೊಟ್ಟು, `wan`ಗೆ ಇದ್ದ ದಾರಿಯನ್ನು ತೆಗೆದೆ. ಹಾಗೆ ತೆಗೆದರೆ ವಿಪಿಎನ್ ಬಿದ್ದಾಗ ನೆಟ್ ಪೂರ್ತಿ ನಿಲ್ಲುತ್ತದೆ, ಗುಟ್ಟಾಗಿ ಓನರ್ ಲೈನಿನಿಂದ ಹೊರಗೆ ಸೋರುವುದಿಲ್ಲ. ಇಂಟರ್‌ಫೇಸನ್ನು ನಿಲ್ಲಿಸಿ ಫೋನಿನಲ್ಲಿ ಪುಟ ತೆರೆಯಿರಿ. ತೆರೆದುಕೊಂಡರೆ ಕೆಲಸ ಇನ್ನೂ ಮುಗಿದಿಲ್ಲ.

ಇಷ್ಟಾದ ಮೇಲೂ ಒಂದು ಸೋರಿಕೆ ಉಳಿದಿತ್ತು. ನಾವು ಯಾವ ಸೈಟಿಗೆ ಹೋಗುತ್ತೇವೆ ಎಂಬ ಡಿಎನ್‌ಎಸ್ ಪ್ರಶ್ನೆಗಳನ್ನು ರೌಟರ್ ಇನ್ನೂ ಓನರ್ ಬಾಕ್ಸಿಗೇ ಕೇಳುತ್ತಿತ್ತು. ಆ ಬಾಕ್ಸ್ ಪಕ್ಕದಲ್ಲೇ ಇರುವುದರಿಂದ ಪ್ರಶ್ನೆ ವಿಪಿಎನ್ ಒಳಗೆ ಹೋಗುವುದೇ ಇಲ್ಲ. ಯಾವುದನ್ನು ಮುಚ್ಚಿಡಲೆಂದು ಇಷ್ಟೆಲ್ಲ ಮಾಡಿದೆನೋ ಅದೇ ಹೊರಗಿತ್ತು. `WAN` ಸೆಟ್ಟಿಂಗ್‌ನಲ್ಲಿ `Use DNS servers advertised by peer` ಗುರುತನ್ನು ತೆಗೆದು, ಕಾನ್ಫಿಗ್ ಫೈಲಿನಲ್ಲಿದ್ದ ಡಿಎನ್‌ಎಸ್ ವಿಳಾಸ ಕೊಟ್ಟ ಮೇಲೆ ಸರಿಯಾಯಿತು.

ಈಗ ಲೆಕ್ಕ ಹೀಗಿದೆ: ರೌಟರ್‌ಗೆ ಒಂದು, ಹೊರಗೆ ಓಡಾಡುವ ನಾಲ್ಕು ಫೋನಿಗೆ ನಾಲ್ಕು, ಒಟ್ಟು ಐದು. ಪ್ರತಿಯೊಂದಕ್ಕೂ ಬೇರೆ ಕೀಲಿ. ಮನೆಯ ವೈಫೈಗೆ ಬಂದಾಗ ಫೋನಿನ ವಿಪಿಎನ್ ಆಫ್ ಮಾಡುತ್ತೇವೆ, ವಿಪಿಎನ್ ಒಳಗೆ ಇನ್ನೊಂದು ವಿಪಿಎನ್ ಸುಮ್ಮನೆ ನಿಧಾನ. ಲ್ಯಾಪ್‌ಟಾಪ್‌ಗಳು, ಟ್ಯಾಬ್ ರೌಟರ್ ಹಿಂದೆ ಇವೆ. ಟಿವಿಯ ಆ್ಯಪ್‌ಗಳು ವಿಪಿಎನ್ ಕಂಡರೆ ತಕರಾರು ತೆಗೆದವು, ಅದನ್ನು ಓನರ್ ವೈಫೈಗೇ ಬಿಟ್ಟೆ. ಲ್ಯಾಪ್‌ಟಾಪ್ ಯಾರಾದರೂ ಊರಿಗೆ ಒಯ್ದರೆ ಅದಕ್ಕೆ ರಕ್ಷಣೆ ಇಲ್ಲ. ಆಗ ಮನೆಯಲ್ಲೇ ಇರುವ ಅತ್ತೆಯವರ ಫೋನಿನ ಕೀಲಿಯನ್ನು ಅಳಿಸಿ, ಆ ಜಾಗದಲ್ಲಿ ಲ್ಯಾಪ್‌ಟಾಪಿಗೆ ಹೊಸದು ಮಾಡಿಕೊಳ್ಳುತ್ತೇವೆ.

ನನ್ನಂತೆ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದವರು ಮೆಸೇಜ್ ಡಿಲೀಟ್ ಮಾಡಿದರೆ ಸಾಲದು. ಕೀಲಿ ಆ ಫೈಲಿನಲ್ಲೇ ಇದೆ. ಫೈಲ್ ಯಾರ ಫೋನಿಗೆ ಇಳಿದಿದೆಯೋ ಅವರು ನಿಮ್ಮ ಲೆಕ್ಕದಲ್ಲಿ ಒಳಗೆ ಬರಬಹುದು. ನಮ್ಮ ಗ್ರೂಪಿನಲ್ಲಿ ಹನ್ನೊಂದು ಜನರಿದ್ದರು. ಇವತ್ತೇ ಅಕೌಂಟ್ ಪುಟಕ್ಕೆ ಹೋಗಿ ಸಾಧನಗಳ ಪಟ್ಟಿಯಲ್ಲಿ ಆ ಕೀಲಿಯನ್ನು ತೆಗೆದುಹಾಕಿ.